ಬುಡಕ್ಕೊಂದು, ತುದಿಗೊಂದು: ಕೂದಲಿನ ಪೊರಾಸಿಟಿಯನ್ನು ಮನೆಯಲ್ಲೇ ತಿಳಿಯುವುದು

(ಇತ್ತೀಚೆಗೆ ನಾನು ಮಾಡಿದ ಉಪನ್ಯಾಸವೊಂದರ ಬರಹ ರೂಪ ಇದು. ಕೇಳುಗರು ಕೊನೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳನ್ನು ಆಯಾ ವಿಷಯ ಬರುವ ಜಾಗಕ್ಕೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಸಂಜೆ ನನ್ನ ಅಕ್ಕನ ಮಗಳು ಕೈಯಲ್ಲಿ ಗಾಜಿನ ಲೋಟ ಹಿಡಿದು ನನ್ನ ಹತ್ತಿರ ಬಂದಳು. ಲೋಟದ ತುಂಬ ನೀರು, ನೀರಿನ ಮೇಲೆ ಒಂದು ಕೂದಲು. "ನೋಡು ಚಿಕ್ಕಮ್ಮ, ತೇಲ್ತಾ ಇದೆ. ಹಾಗಾದ್ರೆ ನಂದು ಲೋ ಪೊರಾಸಿಟಿ ತಾನೇ?" ಎಂದಳು. ಅವಳು ಮೂರು ತಿಂಗಳಿಂದ ಹಾಗೇ ನಂಬಿದ್ದಳು. ಲೋ ಪೊರಾಸಿಟಿ ಕೂದಲಿಗೆಂದು ಹೇಳುವ ತೆಳ್ಳಗಿನ ಉತ್ಪನ್ನಗಳನ್ನೇ ಹಚ್ಚುತ್ತಿದ್ದಳು. ದಪ್ಪ ಕಂಡೀಷನರ್ ಬಿಟ್ಟಿದ್ದಳು, ಎಣ್ಣೆಯನ್ನೂ ಬಿಟ್ಟಿದ್ದಳು. ಆದರೆ ಕೂದಲಿನ ತುದಿ ಒಣ ಹುಲ್ಲಿನ ಹಾಗಾಗಿತ್ತು. ಬಾಚಿದಾಗಲೆಲ್ಲ ಚಿಕ್ಕ ಚಿಕ್ಕ ತುಂಡುಗಳು ಉದುರುತ್ತಿದ್ದವು.

ನಾನು ಹಲವು ವರ್ಷ ಶಾಂಪೂ, ಕಂಡೀಷನರ್ ತಯಾರಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು. ಅವಳಿಗೆ ಅಂದು ಹೇಳಿದ್ದನ್ನೇ ಇವತ್ತು ನಿಮಗೂ ಹೇಳುತ್ತೇನೆ. ಆ ಲೋಟ ಅವಳಿಗೆ ತಪ್ಪು ದಾರಿ ತೋರಿಸಿತ್ತು. ಅದಕ್ಕಿಂತ ದೊಡ್ಡ ತಪ್ಪು ಅವಳ ಪ್ರಶ್ನೆಯಲ್ಲೇ ಇತ್ತು. "ನನ್ನ ಕೂದಲು ಲೋ ಪೊರಾಸಿಟಿಯೋ, ಹೈ ಪೊರಾಸಿಟಿಯೋ?" ಎಂದು ಕೇಳಿದರೆ ಇಡೀ ತಲೆಗೆ ಒಂದೇ ಉತ್ತರ ಇದೆ ಎಂದಾಗುತ್ತದೆ. ಉದ್ದ ಕೂದಲಿರುವವರಲ್ಲಿ ಬಹಳ ಸಲ ಒಂದೇ ಎಳೆಯ ಬುಡಕ್ಕೆ ಒಂದು ಉತ್ತರ, ತುದಿಗೆ ಇನ್ನೊಂದು.

ಮೊದಲು ಪೊರಾಸಿಟಿ ಎಂದರೆ ಏನು ಅಂತ ನೋಡೋಣ. ಕೂದಲಿನ ಹೊರಮೈಯನ್ನು ಕ್ಯುಟಿಕಲ್ ಅನ್ನುತ್ತಾರೆ. ಮನೆಯ ಮಾಡಿಗೆ ಹೆಂಚು ಹೊದಿಸಿದ ಹಾಗೆ, ತೆಳ್ಳನೆಯ ಚಪ್ಪಟೆ ಕೋಶಗಳು ಒಂದರ ಮೇಲೊಂದು ಕುಳಿತಿರುತ್ತವೆ. ಹೆಂಚಿನ ಅಂಚು ಬುಡದಿಂದ ತುದಿಯ ಕಡೆಗೆ ಮುಖ ಮಾಡಿರುತ್ತದೆ. ಒಂದೊಂದು ಹೆಂಚಿನ ದಪ್ಪ ಹೆಚ್ಚು ಕಡಿಮೆ ಅರ್ಧ ಮೈಕ್ರಾನ್, ಅಂದರೆ ಒಂದು ಮಿಲಿಮೀಟರ್‌ನ 2000ನೇ ಒಂದು ಪಾಲು. ಬುಡದ ಹತ್ತಿರ ಇಂಥ 5ರಿಂದ 10 ಪದರ ಇರುತ್ತವೆ. ಒಳಗಡೆ ಕಾರ್ಟೆಕ್ಸ್ ಇದೆ. ಕೂದಲಿಗೆ ಬಲ ಕೊಡುವುದು ಅದೇ, ನೀರನ್ನು ಹಿಡಿದಿಟ್ಟುಕೊಳ್ಳುವುದೂ ಮುಖ್ಯವಾಗಿ ಅದೇ.

ಇನ್ನೊಂದು ವಿಷಯವನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಹುಟ್ಟಿದಾಗ ಪ್ರತಿ ಕೂದಲಿನ ಹೊರಮೈಗೂ ಒಂದು ಜಿಡ್ಡಿನ ಲೇಪ ಇರುತ್ತದೆ. ಇದು ಮೇಲೆ ಹಚ್ಚಿದ ಎಣ್ಣೆಯಂಥದ್ದಲ್ಲ. ರಾಸಾಯನಿಕವಾಗಿ ಕೂದಲಿನ ಪ್ರೋಟೀನಿಗೇ ಬೆಸೆದುಕೊಂಡಿರುತ್ತದೆ. ಹಾಗಾಗಿ ಮಾಮೂಲಿ ಶಾಂಪೂವಿಗೆ ಒಮ್ಮೆಗೇ ಹೋಗುವುದಿಲ್ಲ. 18 ಎಂಇಎ ಎಂಬ ಕೊಬ್ಬಿನ ಆಮ್ಲ ಅದು. ಕೆಸುವಿನ ಎಲೆಯ ಮೇಲೆ ನೀರಿನ ಹನಿ ಉರುಳುತ್ತದಲ್ಲ, ಹಾಗೆ ನೀರು ಕೂದಲಿಗೆ ಬೇಗ ಅಂಟದಂತೆ ಈ ಲೇಪ ತಡೆಯುತ್ತದೆ.

ಹೆಂಚುಗಳು ಗಟ್ಟಿಯಾಗಿ ಕೂತು, ಲೇಪ ಹಾಗೇ ಉಳಿದಿದ್ದರೆ ನೀರು ನಿಧಾನಕ್ಕೆ ಒಳಹೋಗುತ್ತದೆ. ಅದು ಲೋ ಪೊರಾಸಿಟಿ. ಲೇಪ ಹೋಗಿ, ಹೆಂಚು ಎದ್ದು, ಕೆಲವು ಕಡೆ ಉದುರಿಯೂ ಹೋಗಿದ್ದರೆ ನೀರು ಸಲೀಸಾಗಿ ನುಗ್ಗುತ್ತದೆ. ಅದು ಹೈ ಪೊರಾಸಿಟಿ. ಹೀಗಾಗಿ ಲೋ ಪೊರಾಸಿಟಿ ಅನ್ನುವುದು ಕೂದಲಿನ ರೋಗವಲ್ಲ. ಆರೋಗ್ಯವಾದ ಹೊಸ ಕೂದಲು ಇರುವುದೇ ಹಾಗೆ.

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ನಿಮ್ಮ ಕೂದಲು 36 ಸೆಂಟಿಮೀಟರ್ ಇದ್ದರೆ ತುದಿಗೆ ಹೆಚ್ಚು ಕಡಿಮೆ 3 ವರ್ಷ ವಯಸ್ಸು. ಬುಡದ ಒಂದು ಸೆಂಟಿಮೀಟರ್ ಮಾತ್ರ ಕಳೆದ ತಿಂಗಳದ್ದು. ಆ 3 ವರ್ಷದಲ್ಲಿ ತುದಿ ನೂರಾರು ಸಲ ತೊಳೆಸಿಕೊಂಡಿದೆ, ಸಾವಿರಾರು ಸಲ ಬಾಚಣಿಗೆಗೆ ಸಿಕ್ಕಿದೆ, ಬಿಸಿಲು ಕಂಡಿದೆ. ಸುಮ್ನೆ ಬೆಳೆಸಿದ ಕೂದಲಲ್ಲೂ ತುದಿಯ ಕಡೆ ಹೆಂಚುಗಳ ಪದರ ಕಡಿಮೆಯಾಗುತ್ತಾ ಹೋಗುತ್ತದೆ. ಮಧ್ಯೆ ಒಂದು ಬ್ಲೀಚ್ ಬಂದುಬಿಟ್ಟರೆ ವ್ಯತ್ಯಾಸ ಬಹಳ ದೊಡ್ಡದಾಗುತ್ತದೆ. ಬ್ಲೀಚಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಇರುತ್ತದೆ, ಜೊತೆಗೆ ಕ್ಷಾರ ಇರುತ್ತದೆ. ಇವೆರಡೂ ಸೇರಿದಾಗ ಆ ಜಿಡ್ಡಿನ ಲೇಪವೇ ಕಿತ್ತುಹೋಗುತ್ತದೆ. ನೀರನ್ನು ದೂರ ಇಡುತ್ತಿದ್ದ ಮೈ ಆಮೇಲೆ ನೀರನ್ನು ಎಳೆದುಕೊಳ್ಳುವ ಮೈಯಾಗುತ್ತದೆ.

ನನ್ನ ಅಕ್ಕನ ಮಗಳ ಕೂದಲೂ 36 ಸೆಂಟಿಮೀಟರ್ ಇತ್ತು. ಒಂದು ವರ್ಷದ ಹಿಂದೆ ಬುಡದಿಂದ ತುದಿಯವರೆಗೆ ಬ್ಲೀಚ್ ಮಾಡಿಸಿಕೊಂಡಿದ್ದಳು. ಆಮೇಲೆ ಅದರ ಮೇಲೆ ಕಪ್ಪು ಬಣ್ಣ ಹಾಕಿಸಿದ್ದರಿಂದ ನೋಡುವವರಿಗೆ ಎಲ್ಲವೂ ಒಂದೇ ಥರ ಕಾಣುತ್ತಿತ್ತು. ಅವಳಿಗೂ ಬ್ಲೀಚ್ ಮಾಡಿಸಿದ್ದು ಲೆಕ್ಕದಲ್ಲೇ ಇರಲಿಲ್ಲ.

ಹಾಗಾದರೆ ಅವಳ ಕೂದಲು ಲೋಟದಲ್ಲಿ ತೇಲಿದ್ದು ಯಾಕೆ?

ಈ ಪರೀಕ್ಷೆಯನ್ನು ನಿಮ್ಮಲ್ಲಿ ಬಹಳ ಜನ ಮಾಡಿರುತ್ತೀರಿ. ಕೂದಲನ್ನು ನೀರಿಗೆ ಹಾಕಿ, ಎರಡು ನಾಲ್ಕು ನಿಮಿಷ ಕಾಯಿರಿ, ತೇಲಿದರೆ ಲೋ, ಮುಳುಗಿದರೆ ಹೈ ಎಂದು ಹೇಳುತ್ತಾರೆ. ಕೂದಲು ನೀರು ಕುಡಿದು ಭಾರವಾಗಿ ಮುಳುಗುತ್ತದೆ ಅನ್ನುವುದು ಇದರ ಹಿಂದಿನ ಊಹೆ. ಆದರೆ ಕೂದಲು ಮೊದಲಿನಿಂದಲೂ ನೀರಿಗಿಂತ ಭಾರ. ಅಷ್ಟೇ ಗಾತ್ರದ ನೀರಿಗೆ ಹೋಲಿಸಿದರೆ ಸುಮಾರು 1.3 ಪಟ್ಟು ತೂಕ ಅದಕ್ಕಿದೆ. ನ್ಯಾಯವಾಗಿ ಎಲ್ಲ ಕೂದಲೂ ಮುಳುಗಬೇಕು. ತೇಲುವುದಕ್ಕೆ ಕಾರಣ ನೀರಿನ ಮೇಲ್ಮೈಯ ಬಿಗಿತ. ಸೂಜಿಯನ್ನು ಮೆಲ್ಲಗೆ ಇಟ್ಟರೆ ನೀರಿನ ಮೇಲೆ ನಿಲ್ಲುತ್ತದಲ್ಲ, ಅದೇ ಕಾರಣ.

ನಂಬಿಕೆ ಬರದಿದ್ದರೆ ಮನೆಗೆ ಹೋಗಿ ಎರಡು ಕೆಲಸ ಮಾಡಿ ನೋಡಿ. ತೇಲುತ್ತಿರುವ ಕೂದಲನ್ನು ಚಮಚದಿಂದ ಪೂರ್ತಿ ನೀರೊಳಗೆ ಒತ್ತಿ, ಅಂಟಿದ ಗಾಳಿಗುಳ್ಳೆಗಳನ್ನು ಬಿಡಿಸಿ. ಅದು ಮತ್ತೆ ಮೇಲೆ ಬರುವುದಿಲ್ಲ. ಒತ್ತಿದ ಆ ಒಂದು ಕ್ಷಣದಲ್ಲಿ ಅದರ ಪೊರಾಸಿಟಿಯೇನೂ ಬದಲಾಗಲಿಲ್ಲವಲ್ಲ. ಆಮೇಲೆ ಇನ್ನೊಂದು ಲೋಟದಲ್ಲಿ ಬೇರೆ ಕೂದಲನ್ನು ತೇಲಿಸಿ, ಪಾತ್ರೆ ತೊಳೆಯುವ ಸೋಪಿನ ದ್ರವ ಒಂದು ತೊಟ್ಟು ಹಾಕಿ. ನೀರಿನ ಬಿಗಿತ ಸಡಿಲವಾಗುತ್ತದೆ, ಕೂದಲು ಇಳಿಯುತ್ತದೆ.

ಅಂದರೆ ಲೋಟದ ಪರೀಕ್ಷೆ ಹೇಳುವುದು ಕೂದಲಿನ ಹೊರಮೈ ನೀರಿಗೆ ಅಂಟುತ್ತದೋ ಇಲ್ಲವೋ ಎಂಬುದನ್ನು ಮಾತ್ರ. ಅದನ್ನೂ ಸರಿಯಾಗಿ ಹೇಳುವುದಿಲ್ಲ. ಎಳೆ ದಪ್ಪವೋ ತೆಳುವೋ, ಮೆಲ್ಲಗೆ ಇಟ್ಟಿರೋ ಮೇಲಿನಿಂದ ಬಿಟ್ಟಿರೋ, ಎಲ್ಲವೂ ಉತ್ತರವನ್ನು ಬದಲಿಸುತ್ತವೆ. ಎಲ್ಲಕ್ಕಿಂತ ಹೆಚ್ಚು ಬದಲಿಸುವುದು ಕೂದಲಿನ ಮೇಲೆ ಏನು ಮೆತ್ತಿಕೊಂಡಿದೆ ಎಂಬುದು. ನನ್ನ ಅಕ್ಕನ ಮಗಳು ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನೇ ಎತ್ತಿ ಹಾಕಿದ್ದಳು. ಅದರ ಮೇಲೆ ಹಿಂದಿನ ದಿನ ಹಚ್ಚಿದ ಸಿಲಿಕೋನ್ ಸೀರಂ ಇತ್ತು. ತೇಲಿಸಿದ್ದು ಆ ಸೀರಂ.

ಪ್ರಯೋಗಾಲಯದಲ್ಲಿ ಕೂದಲಿನ ಒಂದು ಕುಚ್ಚನ್ನು ಒಣಗಿಸಿ ತೂಗುತ್ತೇವೆ. ನೀರಿನಲ್ಲಿ ನೆನೆಸಿ, ವೇಗವಾಗಿ ತಿರುಗುವ ಯಂತ್ರಕ್ಕೆ ಹಾಕಿ ಹೊರಗಿನ ನೀರನ್ನೆಲ್ಲ ತೆಗೆದು ಮತ್ತೆ ತೂಗುತ್ತೇವೆ. ಚೆನ್ನಾಗಿರುವ ಕೂದಲು ತನ್ನ ತೂಕದ ಸುಮಾರು 30 ಪ್ರತಿಶತ ನೀರು ಹಿಡಿದಿರುತ್ತದೆ. ಬ್ಲೀಚ್ ಆದ ಕೂದಲು ಅದಕ್ಕಿಂತ ಸಾಕಷ್ಟು ಹೆಚ್ಚು ಹಿಡಿದಿರುತ್ತದೆ. ಮನೆಯಲ್ಲಿ ಇದು ಆಗದ ಮಾತು. ಆದರೆ ಮನೆಯಲ್ಲಿ ಮಾಡಬಹುದಾದ ಒಂದು ಒಳ್ಳೆಯ ಕೆಲಸ ಇದೆ. ನಿಮ್ಮ ಕೂದಲನ್ನು ಇನ್ಯಾರದೋ ಕೂದಲಿನ ಜೊತೆ ಹೋಲಿಸುವ ಬದಲು ನಿಮ್ಮದೇ ಬುಡವನ್ನು ನಿಮ್ಮದೇ ತುದಿಯ ಜೊತೆ ಹೋಲಿಸಿ. ನೀರು ಅದೇ, ಗಾಳಿ ಅದೇ, ಎಳೆಯೂ ಅದೇ. ಆಗ ಕಾಣುವ ವ್ಯತ್ಯಾಸವನ್ನು ನಂಬಬಹುದು.

ಇದಕ್ಕೆ ನಾನು ಹೇಳುವುದು ಹನಿ ಪರೀಕ್ಷೆ. ಶುರು ಮಾಡುವ ಮೊದಲು ಕೂದಲು ನಿಜವಾಗಿ ಶುಭ್ರವಾಗಿರಬೇಕು. ಈ ಒಂದು ಹೆಜ್ಜೆ ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಕ್ಲಾರಿಫೈಯಿಂಗ್ ಎಂದು ಬರೆದಿರುವ ಶಾಂಪೂವಿನಿಂದ ಬುಡದಿಂದ ತುದಿಯವರೆಗೆ ಎರಡು ಸಲ ತೊಳೆಯಿರಿ. ಚೆನ್ನಾಗಿ ನೀರು ಹಾಕಿ ಜಾಲಿಸಿ. ಅವತ್ತು ಕಂಡೀಷನರ್ ಬೇಡ, ಸೀರಂ ಬೇಡ, ಎಣ್ಣೆಯೂ ಬೇಡ. ಡ್ರೈಯರ್ ಬಳಸದೆ ಗಾಳಿಗೆ ಪೂರ್ತಿ ಒಣಗಲು ಬಿಡಿ. ಬ್ಲೀಚ್ ಆದ ಕೂದಲು ಆಗ ಒರಟಾಗಿ ಸಿಕ್ಕಾಗುತ್ತದೆ. ಒಂದು ದಿನದ ಮಟ್ಟಿಗೆ ಸಹಿಸಿಕೊಳ್ಳಿ, ಜೋರಾಗಿ ಬಾಚಬೇಡಿ.

ಪೂರ್ತಿ ಒಣಗಿದ ಮೇಲೆ ಪೆನ್ಸಿಲ್ ದಪ್ಪದ ಒಂದು ಕುಚ್ಚು ತೆಗೆದುಕೊಳ್ಳಿ. ಅದನ್ನು ಬಾಚಿ ರಿಬ್ಬನ್ನಿನ ಹಾಗೆ ಚಪ್ಪಟೆ ಮಾಡಿ, ಅಡ್ಡಲಾಗಿ ಬಿಗಿಯಾಗಿ ಹಿಡಿಯಬೇಕು. ಎಳೆಗಳ ಮಧ್ಯೆ ಸಂದು ಇದ್ದರೆ ಹನಿ ಸಂದಿನಲ್ಲಿ ಜಾರಿಹೋಗುತ್ತದೆ, ಒಳಗೆ ಹೀರಿತು ಎಂದು ನೀವು ತಪ್ಪು ತಿಳಿಯುತ್ತೀರಿ. ಇನ್ನೊಬ್ಬರು ಹಿಡಿದುಕೊಂಡರೆ ಸುಲಭ. ಔಷಧಿಯ ಡ್ರಾಪರಿನಿಂದ ತಲೆಯಿಂದ 3 ಸೆಂಟಿಮೀಟರ್ ದೂರದಲ್ಲಿ ಒಂದು ತೊಟ್ಟು ನೀರು ಇಡಿ. ಮೇಲಿನಿಂದ ಬೀಳಿಸಬೇಡಿ, ತಾಗಿಸಿ ಬಿಡಿ. ಸೆಕೆಂಡು ಎಣಿಸಿ. ಆಮೇಲೆ ಮಧ್ಯದಲ್ಲಿ ಒಂದು, ತುದಿಯ ಹತ್ತಿರ ಒಂದು. ತಲೆಯ ಬೇರೆ ಬೇರೆ ಕಡೆಯಿಂದ ಮೂರು ಕುಚ್ಚು ತೆಗೆದು ಇದನ್ನೇ ಮಾಡಿ. ಹಣೆಯ ಹತ್ತಿರದ ಕೂದಲಿಗೂ ಹಿಂದಲೆಯ ಒಳಗಿನ ಕೂದಲಿಗೂ ವ್ಯತ್ಯಾಸ ಇರುತ್ತದೆ.

ಅವಳ ಕೂದಲಲ್ಲಿ ಬುಡದ ಹನಿ ಮಣಿಯ ಹಾಗೆ ದುಂಡಗೆ ಕೂತಿತು. ಎರಡು ನಿಮಿಷ ಎಣಿಸಿದೆವು, ಹಾಗೇ ಇತ್ತು. 20 ಸೆಂಟಿಮೀಟರ್ ಕೆಳಗೆ ಇಟ್ಟ ಹನಿ ನಾನು ನಾಲ್ಕು ಎಣಿಸುವಷ್ಟರಲ್ಲಿ ಹರಡಿ, ಕೂದಲೊಳಗೆ ಇಂಗಿಹೋಯಿತು. ತುದಿಯಲ್ಲಿ ಎರಡು ಎಣಿಸುವಷ್ಟೂ ಸಮಯ ಸಿಗಲಿಲ್ಲ. ಗಡಿ ಎಲ್ಲಿದೆ ನೋಡೋಣ ಎಂದು 2 ಸೆಂಟಿಮೀಟರಿಗೊಂದು ಹನಿ ಇಡುತ್ತಾ ಬಂದೆವು. 12 ಸೆಂಟಿಮೀಟರ್ ಹತ್ತಿರ ಹನಿಯ ನಡತೆ ಥಟ್ಟನೆ ಬದಲಾಯಿತು. ಬ್ಲೀಚ್ ಮಾಡಿಸಿ 12 ತಿಂಗಳಾಗಿತ್ತು. ಅವಳು ಕೂದಲನ್ನು ಬೆರಳಲ್ಲಿ ಹಿಡಿದು ಸುಮಾರು ಹೊತ್ತು ಸುಮ್ಮನೆ ನೋಡುತ್ತಾ ಕೂತಳು. ಆಮೇಲೆ "ಇಲ್ಲಿಂದ ಕೆಳಗೆ ಬೇರೆಯವರ ಕೂದಲು ಇದ್ದ ಹಾಗಿದೆ ಚಿಕ್ಕಮ್ಮ" ಎಂದಳು. ಅವಳ ಮಾತು ಸರಿಯಾಗಿತ್ತು.

ಈ ಪರೀಕ್ಷೆಗೂ ಮಿತಿ ಇದೆ. ಇದು ಕೂಡ ಹೊರಮೈಯನ್ನೇ ನೋಡುತ್ತದೆ. ಒಳಗಿನ ಕಾರ್ಟೆಕ್ಸ್ ಎಷ್ಟು ಹಾಳಾಗಿದೆ ಎಂದು ತಿಳಿಯಲು ಇನ್ನೊಂದು ಪರೀಕ್ಷೆ ಸೇರಿಸಿಕೊಳ್ಳಬೇಕು. ಉದುರಿದ ಒಂದು ಕೂದಲಿನ ಬುಡದ ಭಾಗದಿಂದ 10 ಸೆಂಟಿಮೀಟರ್, ತುದಿಯ ಭಾಗದಿಂದ 10 ಸೆಂಟಿಮೀಟರ್ ಗುರುತು ಮಾಡಿಕೊಳ್ಳಿ. ಹತ್ತು ನಿಮಿಷ ನೀರಿನಲ್ಲಿ ನೆನೆಸಿ. ಸ್ಕೇಲಿನ ಪಕ್ಕ ಹಿಡಿದು ನಿಧಾನವಾಗಿ ಎಳೆಯಿರಿ. ಒಳ್ಳೆಯ ಕೂದಲು ಒದ್ದೆಯಿದ್ದಾಗ ತನ್ನ ಉದ್ದದ ಸುಮಾರು 30 ಪ್ರತಿಶತದವರೆಗೆ ಹಿಗ್ಗಿ, ಬಿಟ್ಟ ಮೇಲೆ ಮತ್ತೆ ಮೊದಲಿನ ಉದ್ದಕ್ಕೆ ಬರುತ್ತದೆ. ಅಂದರೆ 10 ಇದ್ದದ್ದು 13ಕ್ಕೆ ಹೋಗಿ ವಾಪಸ್ಸು ಬರಬೇಕು. ಅವಳ ಬುಡದ ಭಾಗ ಹಾಗೇ ಬಂತು. ತುದಿಯ ಭಾಗ 12ಕ್ಕೆ ಹೋಗಿ ಜಗಿದ ಚ್ಯೂಯಿಂಗ್ ಗಮ್ಮಿನ ಹಾಗೆ ಜೋತುಬಿತ್ತು, ಆಮೇಲೆ ತುಂಡಾಯಿತು. ಒಂದೇ ಎಳೆ ನೋಡಿ ತೀರ್ಮಾನಕ್ಕೆ ಬರಬೇಡಿ, ನಾಲ್ಕೈದು ಎಳೆ ನೋಡಿ.

ಸಭೆಯಲ್ಲಿ ಒಬ್ಬರು ಎದ್ದು, "ಮೇಡಂ, ಬೆರಳಿನಿಂದ ತುದಿಯಿಂದ ಬುಡಕ್ಕೆ ಜಾರಿಸಿ ನೋಡುವುದು ಹೇಗೆ?" ಎಂದು ಕೇಳಿದರು. ಹೆಂಚಿನ ಅಂಚಿಗೆ ಎದುರಾಗಿ ಬೆರಳು ಹೋಗುವುದರಿಂದ ಎಲ್ಲ ಕೂದಲೂ ಆ ದಿಕ್ಕಿನಲ್ಲಿ ಸ್ವಲ್ಪ ಒರಟೇ. ಗುಂಗುರು ಕೂದಲು ಇನ್ನೂ ಒರಟಾಗಿ ಅನಿಸುತ್ತದೆ. ಗಡಸು ನೀರಿನ ಸುಣ್ಣ ಕೂತಿದ್ದರೂ ಒರಟೇ. ಹಾಗಾಗಿ ಅದನ್ನು ನಾನು ನೆಚ್ಚುವುದಿಲ್ಲ. ಇನ್ನೊಬ್ಬರು ಒಣಗುವ ಸಮಯದ ಬಗ್ಗೆ ಕೇಳಿದರು. ಕೂದಲು ಎಷ್ಟು ದಟ್ಟವಾಗಿದೆ, ಅವತ್ತು ಗಾಳಿಯಲ್ಲಿ ತೇವ ಎಷ್ಟಿದೆ ಎಂಬುದರ ಮೇಲೆ ಅದು ನಿಲ್ಲುತ್ತದೆ. ದಟ್ಟ ಕೂದಲಿನವರೆಲ್ಲ ತಮ್ಮದು ಬೇಗ ಒಣಗುವುದಿಲ್ಲ ಎಂದೇ ಹೇಳುತ್ತಾರೆ. ಅದರಿಂದ ಪೊರಾಸಿಟಿ ತಿಳಿಯುವುದಿಲ್ಲ.

ಈಗ ಉತ್ಪನ್ನಗಳ ಆಯ್ಕೆಗೆ ಬರೋಣ. ಮೊದಲು ಹನಿ ದುಂಡಗೆ ನಿಂತ ಭಾಗ, ಅಂದರೆ ಲೋ ಪೊರಾಸಿಟಿ.

ಇಲ್ಲಿ ಮಾಡಬೇಕಾದದ್ದು ಕಡಿಮೆ. ಈ ಭಾಗಕ್ಕೆ ತನ್ನದೇ ಲೇಪ ಇದೆ. ಅದರ ಮೇಲೆ ಶಿಯಾ ಬೆಣ್ಣೆಯಂಥ ದಪ್ಪ ಜಿಡ್ಡು, ಗಟ್ಟಿ ಮಾಸ್ಕ್ ಹಚ್ಚಿದರೆ ಒಳಗೆ ಹೋಗದೆ ಮೇಲೇ ಕೂರುತ್ತದೆ. ಎರಡು ಮೂರು ತೊಳೆತದಲ್ಲಿ ಕೂದಲು ಜೋತು ಬೀಳುತ್ತದೆ, ಮೇಣ ಹಚ್ಚಿದ ಹಾಗೆ ಅನಿಸುತ್ತದೆ. ಆಗ ಜನ ಒಂದು ತಪ್ಪು ಮಾಡುತ್ತಾರೆ. ಕೂದಲು ಮಂಕಾಗಿದೆ, ಇನ್ನಷ್ಟು ಪೋಷಣೆ ಬೇಕು ಎಂದುಕೊಂಡು ಮತ್ತೆ ಹಚ್ಚುತ್ತಾರೆ. ಆ ಹೊತ್ತಿನಲ್ಲಿ ಬೇಕಾದದ್ದು ಒಂದು ಒಳ್ಳೆಯ ತೊಳೆತ. ನೀರಿನ ಹಾಗೆ ಹರಿಯುವ ತೆಳ್ಳಗಿನ ಕಂಡೀಷನರ್ ಸಾಕು. ಅದನ್ನೂ ಬುಡ ಬಿಟ್ಟು, ಚೆನ್ನಾಗಿ ಒದ್ದೆಯಾದ ಕೂದಲಿಗೆ ಹಚ್ಚಬೇಕು. ಉಗುರು ಬೆಚ್ಚಗಿನ ನೀರು ಬಳಸಿ. ಯಾವಾಗಲಾದರೂ ಮಾಸ್ಕ್ ಹಾಕಿದರೆ ಬೆಚ್ಚಗಿನ ಒದ್ದೆ ಟವೆಲ್ ಸುತ್ತಿ ಹತ್ತು ನಿಮಿಷ ಬಿಡಿ. ಬಿಸಿಗೆ ಹೆಂಚುಗಳು ಬಾಗಿಲಿನ ಹಾಗೆ ತೆರೆದುಕೊಳ್ಳುತ್ತವೆ ಎಂದು ಹೇಳುತ್ತಾರೆ. ಅದು ಹಾಗಲ್ಲ. ಬೆಚ್ಚಗಾದಾಗ ಉತ್ಪನ್ನದಲ್ಲಿರುವ ಜಿಡ್ಡು ಮೆತ್ತಗಾಗಿ ಸಮನಾಗಿ ಹರಡುತ್ತದೆ, ಒಳಗೆ ಹೋಗುವಂಥದ್ದು ಸ್ವಲ್ಪ ಬೇಗ ಹೋಗುತ್ತದೆ. ಅಷ್ಟೇ. ಕೊನೆಯಲ್ಲಿ ತಣ್ಣೀರು ಹಾಕಿದರೆ ಹೆಂಚು ಮುಚ್ಚಿಕೊಳ್ಳುತ್ತದೆ ಎಂಬ ಮಾತನ್ನೂ ನಂಬಿ ಚಳಿಯಲ್ಲಿ ನಡುಗಬೇಡಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಲೋ ಪೊರಾಸಿಟಿ ಕೂದಲನ್ನು "ತೆರೆಯಲು" ಅಡುಗೆ ಸೋಡಾ ಹಚ್ಚಿ ಎಂಬ ಸಲಹೆ ಓಡಾಡುತ್ತಿದೆ. ದಯವಿಟ್ಟು ಹಚ್ಚಬೇಡಿ. ಅಡುಗೆ ಸೋಡಾ ಕ್ಷಾರ, ನೀರಿನಲ್ಲಿ ಅದರ ಪಿಎಚ್ 8ಕ್ಕಿಂತ ಮೇಲೆ. ಕ್ಷಾರದಲ್ಲಿ ಕೂದಲು ಉಬ್ಬುತ್ತದೆ, ಹೆಂಚುಗಳು ಏಳುತ್ತವೆ, ಎಳೆ ಎಳೆಗೆ ತಿಕ್ಕಿ ಅಂಚು ಮುರಿಯುತ್ತವೆ. ಚೆನ್ನಾಗಿರುವ ಕೂದಲನ್ನು ನಾವೇ ಕೈಯಾರೆ ಹೈ ಪೊರಾಸಿಟಿ ಮಾಡಿಕೊಂಡ ಹಾಗೆ.

ಈಗ ಹನಿ ಇಂಗಿಹೋದ ಭಾಗ. ಇಲ್ಲಿ ಮೊದಲು ಒಂದು ಸತ್ಯವನ್ನು ಒಪ್ಪಿಕೊಳ್ಳಬೇಕು. ಹೋದ ಲೇಪ ಮತ್ತೆ ಹುಟ್ಟುವುದಿಲ್ಲ. ಹೊರಗೆ ಕಾಣುವ ಕೂದಲು ಜೀವ ಇಲ್ಲದ ಭಾಗ, ಅದು ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲಾರದು. ನಾವು ಮಾಡಬಹುದಾದದ್ದು ಪ್ರತಿ ತೊಳೆತಕ್ಕೂ ಒಂದು ತಾತ್ಕಾಲಿಕ ಲೇಪ ಕೊಡುವುದು. ಆ ಲೇಪ ಎಳೆಗಳು ಒಂದಕ್ಕೊಂದು ಸಿಕ್ಕಿ ಮುರಿಯದಂತೆ ಕಾಯುತ್ತದೆ.

ಅದೃಷ್ಟಕ್ಕೆ ಹಾಳಾದ ಕೂದಲೇ ಈ ಕೆಲಸಕ್ಕೆ ಸಹಾಯ ಮಾಡುತ್ತದೆ. ಬ್ಲೀಚ್ ಆದ ಮೈಯಲ್ಲಿ ಋಣ ವಿದ್ಯುದಂಶ ಜಾಸ್ತಿ ಇರುತ್ತದೆ. ಕಂಡೀಷನರಿನ ಮುಖ್ಯ ಪದಾರ್ಥಕ್ಕೆ ಧನ ವಿದ್ಯುದಂಶ ಇರುತ್ತದೆ. ಎರಡೂ ಸೆಳೆದುಕೊಳ್ಳುತ್ತವೆ. ಹೆಚ್ಚು ಹಾಳಾದ ಕಡೆ ಹೆಚ್ಚು ಅಂಟುತ್ತದೆ. ಆದ್ದರಿಂದ ಬಾಟಲಿಯ ಮುಂದೆ ದೊಡ್ಡದಾಗಿ ಬರೆದಿರುವ ಮಾತು ಬಿಟ್ಟು ಹಿಂದೆ ಸಣ್ಣ ಅಕ್ಷರದಲ್ಲಿರುವ ಪಟ್ಟಿ ಓದಿ. ಬೆಹೆಂಟ್ರಿಮೋನಿಯಮ್ ಕ್ಲೋರೈಡ್ ಅಥವಾ ಬೆಹೆಂಟ್ರಿಮೋನಿಯಮ್ ಮೀಥೋಸಲ್ಫೇಟ್ ಎಂಬ ಹೆಸರು ಪಟ್ಟಿಯ ಮೊದಲ ಆರೇಳರಲ್ಲಿ ಇದ್ದರೆ ಒಳ್ಳೆಯದು. ಜೊತೆಗೆ ಸೀಟೈಲ್ ಆಲ್ಕೋಹಾಲ್ ಅಥವಾ ಸೀಟಿಯರಿಲ್ ಆಲ್ಕೋಹಾಲ್ ಇರಬೇಕು. ಆಲ್ಕೋಹಾಲ್ ಎಂಬ ಹೆಸರು ನೋಡಿ ಹೆದರಬೇಡಿ. ಇವು ಕೂದಲು ಒಣಗಿಸುವ ಸ್ಪಿರಿಟ್ ಅಲ್ಲ, ಮೇಣದಂಥ ಕೊಬ್ಬು. ಸಿಲಿಕೋನ್ ಬೇಕೆನಿಸಿದರೆ ಅಮೋಡೈಮೆಥಿಕೋನ್ ಹುಡುಕಿ. ಅದೂ ಹಾಳಾದ ಕಡೆಗೇ ಹೆಚ್ಚಾಗಿ ಅಂಟುವಂಥದ್ದು.

ಎಣ್ಣೆಯ ಬಗ್ಗೆ ಕೇಳದವರೇ ಇಲ್ಲ. ಎಲ್ಲ ಎಣ್ಣೆಯೂ ಒಂದೇ ಕೆಲಸ ಮಾಡುವುದಿಲ್ಲ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೇಲೆ ಮತ್ತು ಮೊಹಿಲೆ ಎಂಬ ಸಂಶೋಧಕರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆ ಮೂರನ್ನೂ ಹೋಲಿಸಿದರು. ಕೂದಲಿನಿಂದ ಪ್ರೋಟೀನ್ ಕಳೆದುಹೋಗುವುದನ್ನು ಗಣನೀಯವಾಗಿ ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಮ್ಲದ ಕಣ ಚಿಕ್ಕದು, ನೇರವಾದದ್ದು, ಹಾಗಾಗಿ ಕೂದಲೊಳಗೆ ಇಳಿಯುತ್ತದೆ. ಖನಿಜ ಎಣ್ಣೆ ಮೇಲೇ ಉಳಿಯುತ್ತದೆ. ತೆಂಗಿನೆಣ್ಣೆಯನ್ನು ತೊಳೆಯುವ ಮೊದಲೇ ಹಚ್ಚುವುದು ಮುಖ್ಯ. ನೀರು ನುಗ್ಗಿ ಕೂದಲು ಉಬ್ಬುವ ಹೊತ್ತಿಗೆ ಎಣ್ಣೆ ಒಳಗೆ ಜಾಗ ಹಿಡಿದಿರಬೇಕು.

ಅವಳಿಗೆ ನಾನು ಬರೆದುಕೊಟ್ಟ ಕ್ರಮ ಹೀಗಿತ್ತು. ತಲೆ ತೊಳೆಯುವ ಎರಡು ಗಂಟೆ ಮೊದಲು 12 ಸೆಂಟಿಮೀಟರ್ ಗಡಿಯಿಂದ ಕೆಳಗೆ ಮಾತ್ರ ಒಂದು ಟೀ ಚಮಚ ತೆಂಗಿನೆಣ್ಣೆ. ಶಾಂಪೂ ನೆತ್ತಿಗೆ ಮತ್ತು ಬುಡಕ್ಕೆ ಮಾತ್ರ, ಇಳಿದು ಬರುವ ನೊರೆ ತುದಿಗೆ ಸಾಕು. ಉದ್ದಕ್ಕೂ ಹಾಕಿ ಉಜ್ಜುವುದು ಬೇಡ. ನೀರು ಹಿಂಡಿ ತೆಗೆದ ಮೇಲೆ ಗಡಿಯಿಂದ ಕೆಳಗೆ ಒಂದೂವರೆ ಟೇಬಲ್ ಚಮಚದಷ್ಟು ದಪ್ಪ ಕಂಡೀಷನರ್, ಐದು ನಿಮಿಷ. ಅದು ಕೂದಲಲ್ಲಿ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರು ಮಾಡಿ ಸಿಕ್ಕು ಬಿಡಿಸುವುದು. ಗಡಿಯ ಮೇಲಿನ ಭಾಗಕ್ಕೆ ಕೈಯಲ್ಲಿ ಉಳಿದದ್ದನ್ನು ಸವರಿದರೆ ಆಯಿತು. ಒಣಗುವ ಮೊದಲು ತುದಿಗೆ ಕಡಲೆ ಕಾಳಿನಷ್ಟು ಲೀವ್ ಇನ್ ಕ್ರೀಮ್. ತಿಂಗಳಿಗೊಂದು ಸಲ ಕ್ಲಾರಿಫೈಯಿಂಗ್ ಶಾಂಪೂ, ಅದೂ ಇಡಿಟಿಎ ಇರುವಂಥದ್ದು. ಹಾಳಾದ ಕೂದಲು ಗಡಸು ನೀರಿನ ಕ್ಯಾಲ್ಸಿಯಂ ಜಾಸ್ತಿ ಎಳೆದುಕೊಳ್ಳುತ್ತದೆ, ಇಡಿಟಿಎ ಅದನ್ನು ಬಿಡಿಸಲು ಸಹಾಯ ಮಾಡುತ್ತದೆ.

ಪ್ರೋಟೀನ್ ವಿಷಯದಲ್ಲಿ ಅವಸರ ಮಾಡಲಿಲ್ಲ. ಹೈಡ್ರೋಲೈಸ್ಡ್ ಗೋಧಿ ಪ್ರೋಟೀನ್ ಅಥವಾ ಕೆರಾಟಿನ್ ಇರುವ ಮಾಸ್ಕ್ ನಾಲ್ಕು ವಾರಕ್ಕೊಮ್ಮೆ, ಗಡಿಯ ಕೆಳಗೆ ಮಾತ್ರ. ಜಾಸ್ತಿಯಾದರೆ ಗೊತ್ತಾಗುತ್ತದೆ. ಕೂದಲು ಬಿರುಸಾಗುತ್ತದೆ, ಹಿಡಿದು ಬಗ್ಗಿಸಿದರೆ ಪೊರಕೆ ಕಡ್ಡಿಯ ಹಾಗೆ ಅನಿಸುತ್ತದೆ. ಆಗ ಎರಡು ತೊಳೆತ ಬರೀ ಕಂಡೀಷನರ್ ಹಾಕಬೇಕು. ಒದ್ದೆ ಕೂದಲಿಗೆ ಇಸ್ತ್ರಿ ಮಾಡುವ ಸ್ಟ್ರೈಟ್ನರನ್ನು ಪೂರ್ತಿ ನಿಲ್ಲಿಸಿಬಿಟ್ಟೆ. ನೀರು ಹೀರಿದ ಎಳೆಯ ಮೇಲೆ ಬಿಸಿ ಕಬ್ಬಿಣ ಇಟ್ಟರೆ ಒಳಗಿನ ನೀರು ಆವಿಯಾಗಿ ಗುಳ್ಳೆ ಏಳುತ್ತದೆ, ಎಳೆ ಆ ಜಾಗದಲ್ಲೇ ಮುರಿಯುತ್ತದೆ. ಹೈ ಪೊರಾಸಿಟಿ ಕೂದಲು ಮುಟ್ಟಲು ಒಣಗಿದ ಹಾಗೆ ಅನಿಸಿದರೂ ಒಳಗೆ ತೇವ ಉಳಿದಿರಬಹುದು.

ಮೊದಲ ಎರಡು ವಾರ ಅವಳಿಗೆ ಸಮಾಧಾನ ಆಗಲಿಲ್ಲ. "ಚಿಕ್ಕಮ್ಮ, ಕೂದಲು ಅಂಟಂಟು ಆಗ್ತಿದೆ" ಎಂದು ಫೋನ್ ಮಾಡಿದಳು. ಎಲ್ಲಿ ಅಂಟು ಎಂದು ಕೇಳಿದೆ. ನೆತ್ತಿಯ ಹತ್ತಿರ ಎಂದಳು. ಅಂದರೆ ದಪ್ಪ ಕಂಡೀಷನರ್ ಗಡಿ ದಾಟಿ ಮೇಲೆ ಹೋಗುತ್ತಿತ್ತು. ಕಿವಿಯ ಮಟ್ಟದಲ್ಲಿ ಸಡಿಲವಾಗಿ ಒಂದು ರಬ್ಬರ್ ಬ್ಯಾಂಡ್ ಹಾಕಿಕೊಂಡು ಅದರ ಕೆಳಗೆ ಮಾತ್ರ ಹಚ್ಚು ಎಂದೆ. ಆಮೇಲೆ ಆ ದೂರು ಬರಲಿಲ್ಲ. ಎರಡನೇ ತಿಂಗಳ ಹೊತ್ತಿಗೆ ಬಾಚಣಿಗೆಯಲ್ಲಿ ಸಿಗುತ್ತಿದ್ದ ಚಿಕ್ಕ ತುಂಡುಗಳು ಬಹಳ ಕಡಿಮೆಯಾದವು. ಅಳತೆಗೆ ನಾವು ಹಿಡಿದದ್ದು ಅದನ್ನೇ. ಬೇರು ಸಮೇತ ಬಂದ ಉದ್ದ ಕೂದಲು ಉದುರಿದ್ದು, ಅದು ಎಲ್ಲರಿಗೂ ಇರುತ್ತದೆ. ಬೇರಿಲ್ಲದ ಗಿಡ್ಡ ತುಂಡು ಮುರಿದದ್ದು. ಪ್ರತಿ ಸಲ ಬಾಚಿದ ಮೇಲೆ ಬಿಳಿ ಬಟ್ಟೆಯ ಮೇಲೆ ಹಾಕಿ ಆ ಗಿಡ್ಡ ತುಂಡುಗಳನ್ನು ಮಾತ್ರ ಎಣಿಸುತ್ತಿದ್ದಳು.

ಇನ್ನು ಕತ್ತರಿಸುವ ಲೆಕ್ಕ. ಅವಳ 36 ಸೆಂಟಿಮೀಟರಿನಲ್ಲಿ 24 ಬ್ಲೀಚ್ ಆದದ್ದು. ಒಮ್ಮೆಗೇ ಕತ್ತರಿಸಲು ಅವಳಿಗೆ ಮನಸ್ಸಿರಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಮೂರು ತಿಂಗಳಿಗೆ 3 ಸೆಂಟಿಮೀಟರ್ ಬೆಳೆಯುತ್ತದೆ. ಮೂರು ತಿಂಗಳಿಗೊಮ್ಮೆ 3 ಸೆಂಟಿಮೀಟರ್ ತುದಿ ತೆಗೆಸಿದರೆ ಉದ್ದ ಹಾಗೇ ಉಳಿಯುತ್ತದೆ, ಎಂಟು ಸಲಕ್ಕೆ, ಅಂದರೆ ಎರಡು ವರ್ಷಕ್ಕೆ ಬ್ಲೀಚ್ ಆದದ್ದೆಲ್ಲ ಹೋಗುತ್ತದೆ. ಪ್ರತಿ ಸಲ ತುದಿ ತೆಗೆಸುವ ಮೊದಲು ಹನಿ ಪರೀಕ್ಷೆ ಮತ್ತೆ ಮಾಡುತ್ತೇವೆ, ಯಾಕೆಂದರೆ ಗಡಿ ಕೆಳಗೆ ಇಳಿಯುತ್ತಾ ಹೋಗುತ್ತದೆ. ಮೊದಲ ಸಲ 12 ಇದ್ದದ್ದು ಈಗ 15ರ ಹತ್ತಿರ ಬಂದಿದೆ. ರಬ್ಬರ್ ಬ್ಯಾಂಡನ್ನೂ ಅಷ್ಟೇ ಕೆಳಗೆ ಇಳಿಸಿದ್ದಾಳೆ.